ಬರದೇ ಇರೋ 24 ಬಾಕ್ಸಿಗೆ ಬಂದ ಬಿಲ್ಲು, ಅದಕ್ಕೆ ನಾನು ಬರೆದ ಲೆಟರ್ರು

ನಂದೊಂದು ಚಿಕ್ಕ ಸ್ಟೇಷನರಿ ಅಂಗಡಿ, ಪಕ್ಕದಲ್ಲೇ ಎರಡು ಜೆರಾಕ್ಸ್ ಮಷಿನ್. ನಾನು ಒಬ್ಬ, ಕೆಲಸಕ್ಕೆ ಒಬ್ಬ ಹುಡುಗ, ಅಷ್ಟೇ ಸ್ಟಾಫು. ಒಂದು ಇನ್ವಾಯ್ಸ್ ವಿಷಯಕ್ಕೆ ಸುಮಾರು ಮೂರು ತಿಂಗಳು ತಲೆ ಕೆಡಿಸ್ಕೊಂಡೆ, ಬರದೇ ಇರೋ ಮಾಲಿಗೆ ದುಡ್ಡು ಕೊಡಿ ಅಂತ ಕೂತಿದ್ರು. ಕೊನೆಗೆ ಸರಿಹೋಯ್ತು, ಆದ್ರೆ ಅದು ಸರಿಹೋಗಿದ್ದು ನನ್ನ ಕೂಗಾಟದಿಂದ ಅಲ್ಲ, ಒಂದು ಪುಟದ ಲೆಟರ್‌ನಿಂದ, ಆಮೇಲೆ ಒಂದು ತೂಕದ ಲೆಕ್ಕದಿಂದ. ಅದನ್ನ ಹೇಳ್ತೀನಿ.

ಫೆಬ್ರವರಿ 26ಕ್ಕೆ ನಮ್ಮ ಪೇಪರ್ ಸಪ್ಲೈಯರ್‌ಗೆ ಎ4 ಪೇಪರ್ 24 ಬಾಕ್ಸ್ ಆರ್ಡರ್ ಹಾಕ್ದೆ. ಒಂದು ಬಾಕ್ಸಿಗೆ 5 ರಿಮ್ಮು, ಅಂದ್ರೆ 120 ರಿಮ್ಮು. ನಾನು ಸಾಮಾನ್ಯವಾಗಿ ನಾಲ್ಕು ಐದು ಬಾಕ್ಸ್ ತರಿಸೋನು, ಪೇಪರ್ ಜಾಸ್ತಿ ಓಡೋ ಸೀಸನ್ ಬರ್ತಿತ್ತಲ್ಲ ಅಂತ ಒಟ್ಟಿಗೆ ಹೇಳಿದ್ದೆ. ಸೇಲ್ಸ್ ಹುಡುಗ "ನಾಲ್ಕು ದಿನದಲ್ಲಿ ನಮ್ಮ ಗಾಡೀಲೇ ನಿಮ್ಮ ಅಂಗಡಿ ಬಾಗಿಲಿಗೆ ಬರುತ್ತೆ ಅಣ್ಣ" ಅಂತ ಮೇಲ್‌ನಲ್ಲೂ ಬರೆದು ಕಳ್ಸಿದ್ದ. ಮಾರ್ಚ್ 1ಕ್ಕೆ ಇನ್ವಾಯ್ಸ್ ಮೇಲ್‌ಗೆ ಬಂತು, ನಂಬರ್ 4471, 30 ದಿನ ಸಾಲದ ಅವಧಿ. ಮಾಲು ಮಾತ್ರ ಬರ್ಲಿಲ್ಲ.

6ನೇ ತಾರೀಖು ಫೋನ್ ಮಾಡ್ದೆ, ನಾಳೆ ಅಂದ. 12ಕ್ಕೆ ಮಾಡ್ದೆ, ಗೋಡೌನ್‌ನಲ್ಲಿ ಸ್ಟಾಕ್ ಇಲ್ಲ ನಾಳಿದ್ದು ಅಂದ. ನನಗೆ ಕಾಯೋಕೆ ಆಗ್ಲಿಲ್ಲ, 13ಕ್ಕೆ ಬೇರೆ ಹೋಲ್‌ಸೇಲ್ ಹತ್ರ 10 ಬಾಕ್ಸ್ ತಗೊಂಡ್ಬಿಟ್ಟೆ. ಅಲ್ಲಿಗೆ ಆ ಆರ್ಡರ್ ಕಥೆ ಮುಗೀತು ಅಂದ್ಕೊಂಡೆ. ಇದೇ ನನ್ನ ಮೊದಲ್ನೇ ತಪ್ಪು, ನನ್ನ ತಲೇಲಿ ಮುಗಿದಿದ್ದು ಅವರ ಕಂಪ್ಯೂಟರ್‌ನಲ್ಲಿ ಮುಗಿದಿರಲ್ಲ. ಅಲ್ಲಿ 4471 ಅನ್ನೋದು ಆರಾಮಾಗಿ ದಿನ ಎಣಿಸ್ಕೊಂಡು ಕೂತಿತ್ತು.

ಮಾರ್ಚ್ 31ರ ಸ್ಟೇಟ್‌ಮೆಂಟ್‌ನಲ್ಲಿ 4471 ಪೂರ್ತಿ ಬಾಕಿ ಅಂತ ತೋರಿಸಿತ್ತು. ಮೊತ್ತ ಎಷ್ಟು ಅಂತ ಇಲ್ಲಿ ಬೇಡ, ಅಂಗಡಿ ಬಾಡಿಗೆಗಿಂತ ಜಾಸ್ತಿ ಅಂತ ಇಟ್ಕೊಳ್ಳಿ. ಮತ್ತೆ ಅದೇ ಸೇಲ್ಸ್ ಹುಡುಗಂಗೆ ಫೋನು, "ಸಿಸ್ಟಮ್‌ನಲ್ಲಿ ಹಂಗೇ ಬರುತ್ತೆ ಅಣ್ಣ, ನಾನು ಒಳಗೆ ಹೇಳ್ತೀನಿ" ಅಂದ. ಸರಿ ಅಂತ ಬಿಟ್ಟೆ. ಅವರ ಹತ್ರಾನೇ ಪೆನ್ನು, ಫೈಲು ಅದು ಇದು ತಗೊಂಡ ಇನ್ನೆರಡು ಬಿಲ್ಲು ಇದ್ವು, 4490 ಮತ್ತೆ 4503, ಅವು ನಿಜವಾಗ್ಲೂ ಬಂದ ಮಾಲು, ಕೊಡ್ಬೇಕಾದ ದುಡ್ಡು. ಏಪ್ರಿಲ್ 5ಕ್ಕೆ ಆ ಎರಡೂ ಸೇರಿಸಿ ಒಂದೇ ಮೊತ್ತ ಬ್ಯಾಂಕಿಂದ ಕಳ್ಸಿದೆ, ರಿಮಾರ್ಕ್ಸ್‌ನಲ್ಲಿ ಏನೂ ಬರೀಲಿಲ್ಲ.

15ಕ್ಕೆ ಒಂದು ರಿಮೈಂಡರ್ ಬಂತು. "ಇನ್ವಾಯ್ಸ್ 4471ಕ್ಕೆ ನೀವು ಮಾಡಿದ ಭಾಗಶಃ ಪಾವತಿಗೆ ಧನ್ಯವಾದ, ಉಳಿದ ಮೊತ್ತವನ್ನು ತಕ್ಷಣ ಪಾವತಿಸಿ" ಅಂತ. ಓದಿ ತಲೆ ಧಿಮ್ ಅಂತು. ನಾನೆಲ್ಲಿ ಕೊಟ್ಟೆ 4471ಕ್ಕೆ? ಕೆಳಗೆ ನೋಡಿದ್ರೆ ನಾನು 4490ಕ್ಕೂ 4503ಕ್ಕೂ ಅಂತ ಕಳ್ಸಿದ ದುಡ್ಡನ್ನ ಎತ್ತಿ 4471ಕ್ಕೆ ಹಾಕ್ಕೊಂಡಿದಾರೆ, ಈಗ ಆ ಎರಡು ಬಿಲ್ಲೂ ಬಾಕಿ, ಇದೂ ಅರ್ಧ ಬಾಕಿ. ಅಂದ್ರೆ ಬರದೇ ಇರೋ ಮಾಲಿಗೆ ನಾನು ಅರ್ಧ ದುಡ್ಡು ಕೊಟ್ಟು ಒಪ್ಕೊಂಡ ಹಾಗೆ ಆಯ್ತು ಕಾಗದದ ಮೇಲೆ.

ಆ ಸಿಟ್ಟಲ್ಲಿ ಅವರ ಆಫೀಸ್ ವಾಟ್ಸಾಪ್ ನಂಬರಿಗೆ ಉದ್ದಕ್ಕೆ ಬರೆದು ಹಾಕ್ದೆ, ಇದು ಮೋಸ, ಎಷ್ಟು ವರ್ಷದ ಗಿರಾಕಿ ನಾನು, ಹಿಂಗಾ ಮಾಡೋದು, ಮಾಲು ಪೂರ್ತಿ ಬಂದಿಲ್ಲ, ಲಾಯರ್ ನೋಟಿಸ್ ಕಳಿಸ್ತೀನಿ, ಹಿಂಗೆ. ಎರಡು ದಿನ ಬಿಟ್ಟು ಒಂದೇ ಲೈನ್ ಉತ್ತರ ಬಂತು: "ಎಷ್ಟು ಬಾಕ್ಸ್ ಕಮ್ಮಿ ಬಂದಿದೆ ತಿಳಿಸಿ."

ಎಷ್ಟು ಕಮ್ಮಿ ಅಂತೆ! ಒಂದೂ ಬಂದಿಲ್ಲ ಕಣ್ರೀ ಅಂತ ಕಿರುಚ್ಕೊಂಡೆ ಅಂಗಡೀಲಿ, ಗಿರಾಕಿಗಳೆಲ್ಲ ತಿರುಗಿ ನೋಡಿದ್ರು.

ಅವತ್ತು ರಾತ್ರಿ ಭಾವ ಮನೆಗೆ ಬಂದಿದ್ರು. ನಮ್ಮ ಭಾವ ಒಂದು ಕಂಪನಿ ಅಕೌಂಟ್ಸ್‌ನಲ್ಲಿ ಗಿರಾಕಿಗಳಿಂದ ಬಾಕಿ ವಸೂಲಿ ಮಾಡೋ ಸೆಕ್ಷನ್‌ನಲ್ಲೇ ಇದ್ದು ರಿಟೈರ್ ಆದವರು, ಅಂದ್ರೆ ನನಗೆ ರಿಮೈಂಡರ್ ಕಳ್ಸಿದಾರಲ್ಲ ಆ ಸೀಟಲ್ಲಿ ಕೂತಿದ್ದವರು. ಮೊಬೈಲ್ ಇಸ್ಕೊಂಡು ನನ್ನ ಮೆಸೇಜ್ ಓದಿ ನಕ್ಕುಬಿಟ್ರು. "ಏನಪ್ಪಾ, 'ಪೂರ್ತಿ ಬಂದಿಲ್ಲ' ಅಂತ ಬರೆದಿದೀಯ. ಪೂರ್ತಿ ಬಂದಿಲ್ಲ ಅಂದ್ರೆ ಸ್ವಲ್ಪ ಬಂದಿದೆ ಅಂತಾನೂ ಆಗುತ್ತಲ್ಲೋ. ಅವನು ಸರಿಯಾಗೇ ಕೇಳಿದಾನೆ." ಯೋಚ್ನೆ ಮಾಡಿದ್ರೆ ಹೌದು. ನಾನು ಬಾಯಲ್ಲಿ ಹೇಳೋವಾಗ ಪೂರ್ತಿ ಅನ್ನೋದನ್ನ ಒತ್ತಿ ಹೇಳ್ತೀನಿ, ಸುತರಾಂ ಬಂದಿಲ್ಲ ಅನ್ನೋ ಅರ್ಥದಲ್ಲಿ. ಬರೆದಾಗ ಆ ಒತ್ತು ಹೋಗ್ಬಿಡುತ್ತೆ. ಕಮ್ಮಿ ಬಂದಿದೆ ಅನ್ನೋದು ಒಂದು ಕೇಸು, ಬಂದೇ ಇಲ್ಲ ಅನ್ನೋದು ಬೇರೇನೇ ಕೇಸು, ಅವರ ಆಫೀಸಲ್ಲಿ ಎರಡಕ್ಕೂ ಹೋಗೋ ದಾರಿ ಬೇರೆ ಬೇರೆ ಅಂತೆ.

ಆಮೇಲೆ ಅವರು ಕೇಳಿದ ಮೊದಲ್ನೇ ಪ್ರಶ್ನೆ ನಾನು ನಿರೀಕ್ಷೇನೇ ಮಾಡಿರ್ಲಿಲ್ಲ. "ಗಾಡಿ ಯಾರದ್ದು?"

"ಅವರದ್ದೇ ಭಾವ, ಯಾಕೆ?"

"ನೀನು ಗಾಡಿ ಕಳಿಸಿ ಅವರ ಗೋಡೌನಿಂದ ಎತ್ತಿಸಿದ್ರೆ ಅಥವಾ ನೀನು ಹೇಳಿದ ಟ್ರಾನ್ಸ್‌ಪೋರ್ಟ್‌ಗೆ ಅವರು ಹಾಕಿದ್ರೆ ಆಟಾನೇ ಬೇರೆ. ಆಗ ಟ್ರಾನ್ಸ್‌ಪೋರ್ಟ್‌ನವನ ಕೈಗೆ ಕೊಟ್ಟಿದ್ದೇ ಡೆಲಿವರಿ ಅಂತ ಅವರು ಹೇಳಬಹುದು, ನೀನು ಟ್ರಾನ್ಸ್‌ಪೋರ್ಟ್‌ನವನ ಹಿಂದೆ ಬೀಳ್ಬೇಕಾಗುತ್ತೆ."

ಪುಣ್ಯಕ್ಕೆ ಸೇಲ್ಸ್ ಹುಡುಗನ ಮೇಲ್ ಇತ್ತು, "ನಮ್ಮ ಗಾಡೀಲೇ ನಿಮ್ಮ ಅಂಗಡಿ ಬಾಗಿಲಿಗೆ." ಅದನ್ನ ಪ್ರಿಂಟ್ ತೆಗೆದು ಇಡು ಅಂದ್ರು.

ಎರಡನೇದು, ಇನ್ವಾಯ್ಸ್ ಹಿಂದೆ ಏನೋ ಸಣ್ಣಕ್ಷರದಲ್ಲಿ ಕಂಡಿಷನ್ ಇರುತ್ತಲ್ಲ, ಅದರಲ್ಲಿ ಕಂಪ್ಲೇಂಟ್ 7 ದಿನದೊಳಗೆ ಹೇಳ್ಬೇಕು ಅಂತಿತ್ತು, ನನಗೆ ಅದೇ ಭಯ. ಒಂದೂವರೆ ತಿಂಗಳಾಗಿದೆ ಈಗ. ಭಾವ ಕನ್ನಡಕ ಏರಿಸ್ಕೊಂಡು ಓದಿದ್ರು, "ಸರಕು ಕೈಸೇರಿದ 7 ದಿನದೊಳಗೆ" ಅಂತ ಇದೆ ನೋಡು, ಕೈಸೇರಿದ್ರೆ ತಾನೇ ದಿನ ಶುರುವಾಗೋದು, ನಿನ್ನ ಲೆಕ್ಕ ಇನ್ನೂ ಸೊನ್ನೇಲೇ ಇದೆ ಅಂದ್ರು. ಆದ್ರೆ ಎಲ್ಲಾ ಕಡೆ ಹಂಗಿರಲ್ಲ, ಕೆಲವರು ಇನ್ವಾಯ್ಸ್ ತಾರೀಖಿಂದ ಇಷ್ಟು ದಿನದೊಳಗೆ ಮಾಲು ಬರದಿದ್ರೆ ತಿಳಿಸ್ಬೇಕು ಅಂತಾನೂ ಹಾಕಿರ್ತಾರೆ, ಹಾಗಿದ್ದಿದ್ರೆ ಇಷ್ಟು ಆರಾಮಾಗಿ ಕೂರೋಕಾಗ್ತಿರ್ಲಿಲ್ಲ ಅಂತಾನೂ ಹೇಳಿದ್ರು. ನಾನು ಆ ಹಿಂದಿನ ಪುಟನ ಇಷ್ಟು ವರ್ಷದಲ್ಲಿ ಓದಿದ್ದು ಅದೇ ಮೊದಲು.

ದುಡ್ಡಿನ ವಿಷಯ ಬಂದಾಗ ಮಾತ್ರ ಸ್ವಲ್ಪ ಬೈದ್ರು. ಯಾವ ಬಿಲ್ಲಿಗೆ ಅಂತ ಹೇಳದೇ ದುಡ್ಡು ಕಳ್ಸಿದ್ರೆ ಆಫೀಸಿನ ಸಾಫ್ಟ್‌ವೇರು ಹಳೇ ಬಾಕಿ ಯಾವುದಿದೆಯೋ ಅದಕ್ಕೆ ತಾನೇ ಹಾಕ್ಕೊಂಡು ಹೋಗುತ್ತೆ, ಯಾರೂ ಕೂತು ಮಾಡೋದಲ್ಲ ಅದು. ಯಾವುದಕ್ಕೆ ಅಂತ ಹೇಳೋ ಹಕ್ಕು ಮೊದಲು ಕೊಡೋನದ್ದು, ಕೊಡೋವಾಗ್ಲೇ ಹೇಳ್ಬೇಕು, ಹೇಳದಿದ್ರೆ ತಗೊಳ್ಳೋನು ತನಗೆ ಬೇಕಾದ ಕಡೆ ಹಾಕ್ಕೋಬಹುದು, ಬಹಳ ಕಡೆ ನಿಯಮ ಹೀಗೇ ಇರೋದಂತೆ. ಹಂಗಾಗಿ ಇದನ್ನ ಜಗಳ ಮಾಡಿ ಕೇಳೋ ಹಂಗಿಲ್ಲ, ಮೊತ್ತ ಆ ಎರಡು ಬಿಲ್ಲಿಗೆ ಪೈಸೆ ಪೈಸೆ ಸರಿಹೊಂದುತ್ತೆ, ಅದನ್ನ ತೋರಿಸಿ ಬದಲಾಯ್ಸಿ ಅಂತ ಕೇಳ್ಬೇಕು ಅಂದ್ರು. ನನ್ನ ಅದೃಷ್ಟ, ನಾನು ರೌಂಡ್ ಮಾಡಿ ಕಳ್ಸಿರ್ಲಿಲ್ಲ, ಎರಡು ಬಿಲ್ಲು ಕೂಡಿಸಿದ ಲೆಕ್ಕಾನೇ ಕಳ್ಸಿದ್ದೆ.

ಸರಿ, ಲೆಟರ್ ಬರೆಯೋಕೆ ಕೂತ್ವಿ. ನಾನು ಬರೆದ ಮೊದಲ ಡ್ರಾಫ್ಟ್ ಎರಡು ಪುಟ ಆಗಿತ್ತು, ಸೇಲ್ಸ್ ಹುಡುಗ ಯಾವತ್ತು ಏನು ಹೇಳಿದ ಅಂತ ಎಲ್ಲಾ. ಭಾವ ಪೆನ್ನು ತಗೊಂಡು ಮುಕ್ಕಾಲು ಹೊಡೆದು ಹಾಕಿದ್ರು. "ನಾನು ಆ ಸೀಟಲ್ಲಿ ಕೂತಾಗ ದಿನಕ್ಕೆ ಎಷ್ಟು ಲೆಟರ್ ನೋಡ್ತಿದ್ದೆ ಗೊತ್ತಾ? ನಾನು ಹುಡುಕ್ತಿದ್ದಿದ್ದು ನಿನ್ನ ಅಕೌಂಟ್ ನಂಬರ್, ಬಿಲ್ ನಂಬರ್, ಏನು ತಕರಾರು, ಏನು ಮಾಡ್ಬೇಕು. ಇದು ನಾಲ್ಕು ಸಿಕ್ಕಿದ್ರೆ ಆ ಬಿಲ್ಲಿಗೆ 'ತಕರಾರಿನಲ್ಲಿದೆ' ಅಂತ ಮಾರ್ಕ್ ಹಾಕ್ತಿದ್ದೆ, ಆಗ ರಿಮೈಂಡರ್ ನಿಲ್ಲುತ್ತೆ. ಸಿಗದಿದ್ರೆ ಸೇಲ್ಸ್‌ಗೆ ಫಾರ್ವರ್ಡ್, ಅವನು ಅದನ್ನ ನೋಡಲ್ಲ."

ಮೋಸ ಅನ್ನೋ ಪದ ತೆಗೆಸಿದ್ರು. ಅದು ಇದ್ರೆ ಕ್ಲರ್ಕು ಉತ್ತರ ಬರೆಯೋಕೆ ಹೆದರಿ ಮೇಲಿನವರಿಗೆ ಕಳಿಸ್ತಾನೆ, ಅಲ್ಲಿ ಹೋಗಿ ಕೂರುತ್ತೆ ಅಂದ್ರು. ಲಾಯರ್ ಮಾತೂ ಹೋಯ್ತು. ನಾನು ಇನ್ನೊಂದು ಹಾಕಿದ್ದೆ, ನಮ್ಮ ಸ್ಟಾಕ್ ಪುಸ್ತಕದಲ್ಲಿ ಇಲ್ಲ, ಅಂಗಡಿ ಕ್ಯಾಮರಾ ನೋಡಿ ಬೇಕಾದ್ರೆ ಅಂತ (ಕ್ಯಾಮರಾದಲ್ಲಿ 15 ದಿನದ ಮೇಲೆ ಹಳೇದು ಅಳಿಸಿ ಹೋಗುತ್ತೆ, ಸುಮ್ನೆ ಬಿಟ್ಟಿದ್ದು ನಾನು). ಅದನ್ನೂ ಹೊಡೆದ್ರು. ಬಂದಿಲ್ಲ ಅನ್ನೋದನ್ನ ನೀನು ಹೆಂಗಪ್ಪಾ ಸಾಬೀತು ಮಾಡ್ತೀಯ, ಕೊಟ್ಟಿದೀವಿ ಅಂತ ದುಡ್ಡು ಕೇಳ್ತಿರೋರು ಅವರು, ಕೊಟ್ಟಿದ್ದಕ್ಕೆ ಕಾಗದ ತೋರಿಸ್ಲಿ, ಸಹಿ ಇರೋ ಡೆಲಿವರಿ ಚಲನ್ ಕೇಳು, ಇಲ್ಲಾಂದ್ರೆ ಬಿಲ್ಲಿನ ಮೊತ್ತ ನಿನ್ನ ಲೆಕ್ಕದಿಂದ ತೆಗೆದು ಹಾಕಿದೀವಿ ಅನ್ನೋ ಕಾಗದ, ಕ್ರೆಡಿಟ್ ನೋಟ್, ಅದನ್ನ ಕೇಳು, ಸುಮ್ನಿರು ಅಂದ್ರು.

ಒಂದು ಸಾಲು ಮಾತ್ರ ಅವರು ಸೇರಿಸಿದ್ರು, ನನಗೆ ಅದು ಬೇಡ ಅನ್ನಿಸಿತ್ತು. ಆರ್ಡರ್ ರದ್ದು ಮಾಡಿದೀನಿ, ಇನ್ಮೇಲೆ ಆ ಮಾಲು ಕಳಿಸ್ಬೇಡಿ ಅಂತ. ಎರಡು ತಿಂಗಳ ಹಳೇ ಆರ್ಡರ್, ಯಾರು ಕಳಿಸ್ತಾರೆ ಭಾವ ಈಗ ಅಂದೆ. ಇರ್ಲಿ ಬರಿ ಅಂದ್ರು. ಬರೆದೆ.

ಏಪ್ರಿಲ್ 18ಕ್ಕೆ ಹೋದ ಲೆಟರ್ ಇದು, ನಂಬರ್‌ಗಳು ಬಿಟ್ಟು ಬೇರೆ ಗುರುತು ತೆಗೆದಿದೀನಿ:

"ಗೆ: ಅಕೌಂಟ್ಸ್ ವಿಭಾಗ.
ವಿಷಯ: ಇನ್ವಾಯ್ಸ್ 4471, ದಿನಾಂಕ ಮಾರ್ಚ್ 1: ಸರಕು ತಲುಪಿಲ್ಲ, ಬಿಲ್ಲಿಗೆ ನಮ್ಮ ತಕರಾರು ಇದೆ.

ಮಾನ್ಯರೇ,

ಮೇಲಿನ ಇನ್ವಾಯ್ಸ್ ಎ4 ಪೇಪರ್ 24 ಬಾಕ್ಸ್‌ಗೆ ಸಂಬಂಧಿಸಿದ್ದು. ಈ 24 ಬಾಕ್ಸ್‌ಗಳಲ್ಲಿ ಒಂದು ಬಾಕ್ಸ್ ಕೂಡ ಇವತ್ತಿನವರೆಗೆ ನಮ್ಮ ಅಂಗಡಿಗೆ ಬಂದಿಲ್ಲ. ಸರಕನ್ನು ನಿಮ್ಮ ಗಾಡಿಯಲ್ಲೇ ನಮ್ಮ ಅಂಗಡಿಗೆ ತಲುಪಿಸುವುದಾಗಿ ಫೆಬ್ರವರಿ 26ರ ನಿಮ್ಮ ಮೇಲ್‌ನಲ್ಲಿದೆ, ಪ್ರತಿ ಲಗತ್ತಿಸಿದ್ದೇನೆ. ಮಾರ್ಚ್ 6 ಮತ್ತು 12ರಂದು ಫೋನ್ ಮಾಡಿ ಕೇಳಿದಾಗಲೂ ಸರಕು ಇನ್ನೂ ಹೊರಟಿಲ್ಲ ಎಂದೇ ನಿಮ್ಮ ಕಡೆಯಿಂದ ತಿಳಿಸಿದ್ದರು.

ಆದ್ದರಿಂದ ಈ ಇನ್ವಾಯ್ಸಿನ ಯಾವ ಮೊತ್ತವನ್ನೂ ನಾವು ಒಪ್ಪಿಲ್ಲ. ಸರಕು ತಲುಪಿಸಿದ್ದೀರಿ ಎಂದು ನಿಮ್ಮ ದಾಖಲೆಯಲ್ಲಿದ್ದರೆ, ನಮ್ಮ ಸಹಿ ಮತ್ತು ದಿನಾಂಕ ಇರುವ ಡೆಲಿವರಿ ಚಲನ್ ಹಾಗೂ ಸಾಗಾಟದ ರಸೀದಿಯ ಪೂರ್ತಿ ಪುಟದ ಪ್ರತಿ ಕಳಿಸಿ. ಇಲ್ಲದಿದ್ದರೆ ಇನ್ವಾಯ್ಸ್ 4471ರ ಪೂರ್ಣ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಿ. ಎರಡರಲ್ಲಿ ಒಂದನ್ನು ಮೇ 2ರೊಳಗೆ ಕೊಡಬೇಕಾಗಿ ವಿನಂತಿ.

ಏಪ್ರಿಲ್ 5ರಂದು ನಾವು ಕಳಿಸಿದ ಹಣ ಇನ್ವಾಯ್ಸ್ 4490 ಮತ್ತು 4503ಕ್ಕೆ ಸೇರಿದ್ದು, ಆ ಎರಡರ ಮೊತ್ತ ಕೂಡಿಸಿದರೆ ಅದಕ್ಕೆ ಸರಿಯಾಗಿ ಹೊಂದುತ್ತದೆ. ಅದನ್ನು 4471ಕ್ಕೆ ಜಮಾ ಮಾಡಿದ್ದೀರಿ, ದಯವಿಟ್ಟು ಸರಿಪಡಿಸಿ. ಅದು 4471ಕ್ಕೆ ನಾವು ಮಾಡಿದ ಪಾವತಿ ಅಲ್ಲ. ತಕರಾರು ಇಲ್ಲದ ಬಿಲ್ಲುಗಳನ್ನು ಎಂದಿನಂತೆ ಅವಧಿಯೊಳಗೆ ಪಾವತಿಸುತ್ತೇವೆ.

ಫೆಬ್ರವರಿ 26ರ ಆರ್ಡರನ್ನು ಈ ಪತ್ರದ ಮೂಲಕ ರದ್ದು ಮಾಡಿದ್ದೇವೆ. ಆ ಸರಕನ್ನು ಇನ್ನು ಕಳಿಸಬೇಡಿ."

ಕೆಳಗೆ ನಮ್ಮ ಅಕೌಂಟ್ ನಂಬರ್, ಸಹಿ, ಸೀಲು. ಮೇಲ್‌ನಲ್ಲೂ ಕಳ್ಸಿದೆ, ಸ್ವೀಕೃತಿ ಸಿಗೋ ಹಾಗೆ ಪೋಸ್ಟ್‌ನಲ್ಲೂ ಕಳ್ಸಿದೆ. ಸೇಲ್ಸ್ ಹುಡುಗಂಗೆ ಒಂದು ಕಾಪಿ ಹಾಕಿದೆ ಅಷ್ಟೇ, ಅವನಿಗೆ ಅಂತ ಬರೀಲಿಲ್ಲ.

ಆರು ದಿನಕ್ಕೆ ಉತ್ತರ ಬಂತು. ಅಷ್ಟು ಬೇಗ ಅವರಿಂದ ಯಾವತ್ತೂ ಏನೂ ಬಂದಿರ್ಲಿಲ್ಲ. ಆದ್ರೆ ಖುಷಿ ಪಡೋ ಹಂಗೇನಿರ್ಲಿಲ್ಲ, "ಸರಕು ತಲುಪಿಸಲಾಗಿದೆ, ಸಹಿ ಮಾಡಿದ ರಸೀದಿ ಲಗತ್ತಿಸಿದೆ" ಅಂತ. ಜೊತೆಗೆ ಒಂದು ಫೋಟೋ. ಮೊಬೈಲಲ್ಲಿ ತೆಗೆದಿದ್ದು, ಮೇಲ್ಗಡೆ ಭಾಗ ಕಟ್ ಆಗಿದೆ, ತಾರೀಖಿನ ಜಾಗದಲ್ಲಿ ಮಸಿ ಹರಡಿದೆ. ಕೆಳಗೆ ಸಹಿ. ಸಹಿ ನೋಡಿದ ತಕ್ಷಣ ಹೊಟ್ಟೆ ಒಳಗೆ ಏನೋ ಕಲಸಿದಂಗಾಯ್ತು, ಅದು ನಮ್ಮ ಹುಡುಗಂದೇ ಸಹಿ, ಅವನು ಹೆಸರಿನ ಕೊನೇಲಿ ಒಂದು ಸುರುಳಿ ಹಾಕ್ತಾನೆ, ಸಾವಿರದಲ್ಲಿ ಗುರುತು ಹಿಡೀಬಹುದು.

ಅವನ್ನ ಕರೆದು ತೋರಿಸ್ದೆ. "ನಂದೇ ಅಣ್ಣ. ಆದ್ರೆ 24 ಬಾಕ್ಸ್ ನಾನು ಇಳಿಸಿಲ್ಲ ಅಣ್ಣ, ಇಳಿಸಿದ್ರೆ ಸೊಂಟ ನೆನಪಿಟ್ಕೊಂಡಿರ್ತಿತ್ತು" ಅಂದ. ಅವನ ಮುಖ ಬಿಳುಚಿಕೊಂಡಿತ್ತು, ನಾನು ಅವನ ಮೇಲೆ ಅನುಮಾನ ಪಡ್ತೀನಿ ಅಂತ. ಒಂದು ಕ್ಷಣ ಪಟ್ಟೆ ಕೂಡ, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ಅವನು ಹೇಳಿದ ಸೊಂಟದ ಮಾತೇ ತಲೇಲಿ ಉಳೀತು. ಫೋಟೋನ ದೊಡ್ಡದು ಮಾಡಿ ನೋಡ್ದೆ. ಸಾಗಾಟದ ರಸೀದೀಲಿ ಮಾಲು ಏನು ಅಂತ "ಪೇಪರ್" ಅಂತಷ್ಟೇ ಇರುತ್ತೆ, ಬಾಕ್ಸ್ ಸಂಖ್ಯೆ ಬರೆದಿರೋ ಜಾಗದಲ್ಲಿ ಬೆರಳಿನ ನೆರಳು ಬಿದ್ದು ಕೊನೇ ಅಂಕೆ 4 ಮಾತ್ರ ಕಾಣ್ತಿತ್ತು, 24 ಇರಬಹುದು, 14 ಇರಬಹುದು, ಬರೀ 4 ಇರಬಹುದು. ಆದ್ರೆ ಅದರ ಪಕ್ಕದ ಕಾಲಂ ನೀಟಾಗಿ ಕಾಣ್ತಿತ್ತು. ತೂಕ: 52 ಕೆಜಿ.

ಪೇಪರ್ ಮಾರೋರಿಗೆ ಈ ಲೆಕ್ಕ ಬೆರಳ ತುದೀಲಿರುತ್ತೆ. ಎ0 ಸೈಜಿನ ಹಾಳೆ ಅಂದ್ರೆ ಒಂದು ಚದರ ಮೀಟರ್, ಅದನ್ನ ನಾಲ್ಕು ಸಲ ಅರ್ಧ ಅರ್ಧ ಮಡಚಿದ್ರೆ ಎ4, ಅಂದ್ರೆ ಹದಿನಾರನೇ ಒಂದು ಭಾಗ. ನಾವು ಮಾರೋದು 80 ಜಿಎಸ್‌ಎಂ ಪೇಪರ್, ಚದರ ಮೀಟರಿಗೆ 80 ಗ್ರಾಂ, ಹಾಗಾಗಿ ಒಂದು ಎ4 ಹಾಳೆ 5 ಗ್ರಾಂ. 500 ಹಾಳೆ ರಿಮ್ಮು ಎರಡೂವರೆ ಕೆಜಿ. 5 ರಿಮ್ಮಿನ ಬಾಕ್ಸು ಹನ್ನೆರಡೂವರೆ ಕೆಜಿ. 24 ಬಾಕ್ಸ್ ಅಂದ್ರೆ ಬರೀ ಪೇಪರೇ 300 ಕೆಜಿ, ರಟ್ಟಿನ ತೂಕ ಬೇರೆ. 52 ಕೆಜೀಲಿ 24 ಬಾಕ್ಸ್ ಹೆಂಗ್ರೀ ಬರುತ್ತೆ? 52 ಕೆಜಿ ಅಂದ್ರೆ ನಾಲ್ಕು ಬಾಕ್ಸು, 50 ಕೆಜಿ ಪೇಪರು, ಮಿಕ್ಕಿದ್ದು ರಟ್ಟು.

ನಾಲ್ಕು ಬಾಕ್ಸ್ ಅಂದ ತಕ್ಷಣ ನೆನಪಾಯ್ತು. ಫೆಬ್ರವರಿ 12ಕ್ಕೆ ಅವರಿಂದ್ಲೇ ನಾಲ್ಕು ಬಾಕ್ಸ್ ಬಂದಿತ್ತು, ಬಿಲ್ ನಂಬರ್ 4418, ದುಡ್ಡೂ ಆವಾಗ್ಲೇ ಕೊಟ್ಟು ಮುಗಿಸಿದ್ದೆ. ಡೆಲಿವರಿ ಚಲನ್‌ಗಳನ್ನೆಲ್ಲ ಒಂದು ಹಳೇ ಫೈಲಲ್ಲಿ ಚುಚ್ಚಿ ಇಡ್ತೀನಿ, ಚುಚ್ಚೋದು ಬಿಟ್ರೆ ಬೇರೇನೂ ಮಾಡಲ್ಲ. ಹುಡುಕಿ ತೆಗೆದ್ರೆ ನಮ್ಮ ಕಾಪಿ ಸಿಕ್ತು: ಬಾಕ್ಸ್ 4, ತೂಕ 52 ಕೆಜಿ, ಅದೇ ಹುಡುಗನ ಅದೇ ಸುರುಳಿ ಸಹಿ, ಫೋಟೋದಲ್ಲಿ ಮಸಿ ಹರಡಿದ ಜಾಗದಲ್ಲಿ ನಮ್ಮ ಕಾಪೀಲಿ ಫೆಬ್ರವರಿ 12 ಅಂತ ಸ್ಪಷ್ಟವಾಗಿತ್ತು. ಕಾರ್ಬನ್ ಕಾಪಿ ಆದ್ರಿಂದ ಸಹಿ ಗೆರೆ ಗೆರೆ ಹೊಂದುತ್ತೆ, ಆ ಸುರುಳಿ ಅಂಕಣದ ಗೆರೆ ದಾಟಿ ಆಚೆ ಹೋಗಿರೋದೂ ಎರಡರಲ್ಲೂ ಒಂದೇ ಜಾಗದಲ್ಲಿ.

ಬೇಕಂತ ಮಾಡಿದ್ರೋ ಗೊತ್ತಿಲ್ಲದೆ ಮಾಡಿದ್ರೋ ಅಂತ ಭಾವನ್ನ ಕೇಳ್ದೆ. ಬೇಕಂತ ಮಾಡೋಷ್ಟು ಪುರುಸೊತ್ತು ಆ ಸೀಟಲ್ಲಿ ಯಾರಿಗೂ ಇರಲ್ಲಪ್ಪ, ಸಹಿ ಇರೋ ರಸೀದಿ ಹುಡುಕು ಅಂತ ಗೋಡೌನಿಗೆ ಹೇಳಿರ್ತಾರೆ, ಅವನು ನಿನ್ನ ಅಂಗಡಿ ಹೆಸರಿರೋದು ಕೈಗೆ ಸಿಕ್ಕಿದ್ದು ಫೋಟೋ ಹೊಡೆದು ಕಳ್ಸಿರ್ತಾನೆ ಅಂದ್ರು. ಅದಕ್ಕೇ ಪೂರ್ತಿ ಪುಟ ಅಂತ ಕೇಳಿದ್ದು ಅಂತಾನೂ ಅಂದ್ರು.

ಎರಡನೇ ಲೆಟರ್ 26ಕ್ಕೆ ಹೋಯ್ತು, ಅದು ಅರ್ಧ ಪುಟ ಕೂಡ ಇಲ್ಲ. ನೀವು ಕಳಿಸಿದ ರಸೀದಿ ಇನ್ವಾಯ್ಸ್ 4418ರ 4 ಬಾಕ್ಸಿಂದು, ಫೆಬ್ರವರಿ 12ರದ್ದು, ನಮ್ಮ ಕಾಪಿ ಜೊತೇಲಿದೆ, ಎರಡೂ ಹೋಲಿಸಿ ನೋಡಿ. ಆ ದಿನಕ್ಕೆ 24 ಬಾಕ್ಸಿನ ಆರ್ಡರೇ ಆಗಿರಲಿಲ್ಲ. ರಸೀದೀಲಿ ತೂಕ 52 ಕೆಜಿ ಇದೆ, 24 ಬಾಕ್ಸಿಗೆ ಪೇಪರೊಂದೇ 300 ಕೆಜಿ ಆಗುತ್ತೆ. ಹಾಗಾಗಿ 4471ಕ್ಕೆ ಸರಕು ತಲುಪಿದ ದಾಖಲೆ ಇನ್ನೂ ಬಂದಿಲ್ಲ, ಏಪ್ರಿಲ್ 18ರ ಪತ್ರದಲ್ಲಿ ಕೇಳಿದ ಕ್ರೆಡಿಟ್ ನೋಟ್ ಮೇ 2ರೊಳಗೆ ಕೊಡಿ. ಇಷ್ಟೇ. ನೋಡಿ ಸಿಕ್ಕಿಬಿದ್ರಿ ಅನ್ನೋ ಧಾಟೀಲಿ ಒಂದು ಸಾಲು ಬರೆದಿದ್ದೆ, ನಾನೇ ಹೊಡೆದು ಹಾಕ್ದೆ ಈ ಸಲ.

ಮೇ 2 ಕಳೀತು, ಏನೂ ಇಲ್ಲ. 3ಕ್ಕೆ ಅವರ ಅಕೌಂಟ್ಸಿಂದ ಒಬ್ರು ಮೇಡಂ ಫೋನ್ ಮಾಡಿದ್ರು, ಮೊದಲ್ನೇ ಸಲ ಆ ಕಡೆಯಿಂದ ಒಂದು ಮನುಷ್ಯರ ದನಿ ಕೇಳಿದ್ದು ನಾನು. ಗೋಡೌನಲ್ಲಿ ವಿಚಾರಿಸಿದೀವಿ ಸಾರ್, ಬಿಲ್ಲಾಗಿದೆ, ಗಾಡಿಗೆ ಲೋಡೇ ಆಗಿಲ್ಲ, ಸ್ಟಾಕ್ ಬಂದ ಮೇಲೆ ಕಳಿಸೋಣ ಅಂತ ಬಿಲ್ಲು ಮೊದಲೇ ಮಾಡ್ಬಿಟ್ಟಿದಾರೆ ಅಂದ್ರು. ತಿಂಗಳ ಟಾರ್ಗೆಟ್ ಇರಬೇಕು ಅಂತ ಭಾವ ಆಮೇಲೆ ಅಂದ್ರು, ನನಗೆ ಗೊತ್ತಿಲ್ಲ. ಮೇಡಂ ಬಾಯಲ್ಲೇ ಸರಿ ಮಾಡ್ತೀವಿ ಸಾರ್ ಅಂದ್ರು, ಆಯ್ತು ಮೇಡಂ ಆದ್ರೆ ಕ್ರೆಡಿಟ್ ನೋಟ್ ಮೇಲ್‌ಗೆ ಕಳಿಸ್ಬಿಡಿ, ಅದರ ಮೇಲೆ 4471 ಅಂತ ನಂಬರ್ ಇರ್ಲಿ ಅಂದೆ. ನಂಬರ್ ಇಲ್ಲದ ಕ್ರೆಡಿಟ್ ನೋಟೂ ನಂಬರ್ ಇಲ್ಲದ ದುಡ್ಡಿನ ಹಾಗೇನೇ, ಎಲ್ಲಿ ಬೇಕಾದ್ರೂ ಹೋಗಿ ಕೂರುತ್ತೆ ಅಂತ ಅಷ್ಟೊತ್ತಿಗೆ ಬುದ್ಧಿ ಬಂದಿತ್ತು.

6ಕ್ಕೆ ಬಂತು. 4471ರ ಪೂರ್ಣ ಮೊತ್ತ, ಕಾರಣ: ಸರಕು ರವಾನೆಯಾಗಿಲ್ಲ. ನನ್ನ ಏಪ್ರಿಲ್ 5ರ ದುಡ್ಡು 4490ಕ್ಕೂ 4503ಕ್ಕೂ ಹೋಗಿ ಕೂತ್ಕೊಂಡಿತ್ತು. ಆದ್ರೂ ಹೊಸ ಸ್ಟೇಟ್‌ಮೆಂಟ್ ಸೊನ್ನೆ ಬರ್ಲಿಲ್ಲ, ಒಂದು ಚಿಲ್ಲರೆ ಮೊತ್ತ ನೇತಾಡ್ತಿತ್ತು. ನೋಡಿದ್ರೆ ಆ ಎರಡು ಬಿಲ್ಲು ಮಧ್ಯದಲ್ಲಿ ಬಾಕಿ ಅಂತ ತೋರಿಸ್ತಿದ್ವಲ್ಲ, ಅಷ್ಟು ದಿನಕ್ಕೆ ಸಾಫ್ಟ್‌ವೇರು ಲೇಟ್ ಫೀ ಹಾಕಿದೆ. ಬಿಟ್ಬಿಡೋಣ ಅನ್ನಿಸ್ತು, ಸಣ್ಣ ದುಡ್ಡು. ಆದ್ರೆ ಬಿಟ್ರೆ ಮುಂದಿನ ಸಲ ಕಳ್ಸೋ ದುಡ್ಡಲ್ಲಿ ಮೊದಲು ಅದನ್ನ ಮುರ್ಕೊಂಡು ಮತ್ತೆ ಒಂದು ಬಿಲ್ಲು ಕುಂಟೋಕೆ ಶುರು ಮಾಡುತ್ತೆ. ಎರಡು ಲೈನ್ ಮೇಲ್ ಹಾಕ್ದೆ, ಮೇಡಂ ಅವತ್ತೇ ತೆಗೆದ್ರು.

ಇದೆಲ್ಲ ಮುಗಿದು ಮೇ ಕೊನೇ ವಾರ. ಬೆಳಿಗ್ಗೆ ಶಟರ್ ಎತ್ತಿದ್ದೆ ಅಷ್ಟೇ, ಒಂದು ಗಾಡಿ ಬಂದು ನಿಂತು ಹಿಂದಿನ ಬಾಗಿಲು ತೆಗೆದ್ರು, ಡ್ರೈವರ್ ಇಳಿದು ಬಂದು "ಸಾರ್ ಎ4 ಪೇಪರ್, 24 ಬಾಕ್ಸ್, ಎಲ್ಲಿ ಇಳಿಸ್ಲಿ?" ಅಂದ. ಕೈಲಿದ್ದ ಚಲನ್ ನೋಡಿದ್ರೆ ಆರ್ಡರ್ ತಾರೀಖು ಫೆಬ್ರವರಿ 26. ಬಿಲ್ಲು ರದ್ದಾಗಿದೆ, ಆರ್ಡರ್ ಮಾತ್ರ ಗೋಡೌನ್ ಲಿಸ್ಟಲ್ಲಿ ಪೆಂಡಿಂಗ್ ಅಂತ ಉಳ್ಕೊಂಡಿದೆ, ಸ್ಟಾಕ್ ಬಂದ ತಕ್ಷಣ ಪಾಪ ಶ್ರದ್ಧೆಯಿಂದ ಲೋಡ್ ಮಾಡಿ ಕಳ್ಸಿದಾರೆ. ನಮ್ಮ ಹುಡುಗ ಆಗ್ಲೇ ಅಭ್ಯಾಸ ಬಲದಿಂದ ಪೆನ್ನು ತೆಗೆದು ಸಹಿ ಹಾಕೋಕೆ ಹೋಗಿದ್ದ, ಕೈ ಹಿಡ್ಕೊಂಡೆ. ಏಪ್ರಿಲ್ 18ರ ಲೆಟರ್ ತೆಗೆದು ಕೊನೇ ಎರಡು ಸಾಲು ಡ್ರೈವರ್‌ಗೆ ತೋರಿಸ್ದೆ, ಅವನು ಆಫೀಸಿಗೆ ಫೋನ್ ಹಚ್ಚಿದ, ಒಂದೈದು ನಿಮಿಷ ಹ್ಞೂಂ ಹ್ಞೂಂ ಅಂದ. ಚಲನ್ ಮೇಲೆ ನಾನು "ಆರ್ಡರ್ ರದ್ದಾಗಿದೆ, 24 ಬಾಕ್ಸೂ ವಾಪಸ್, ಒಂದೂ ಇಳಿಸಿಲ್ಲ" ಅಂತ ಬರೆದು ತಾರೀಖು ಹಾಕಿ, ಅವನ ಸಹಿ ತಗೊಂಡು ಒಂದು ಕಾಪಿ ಇಟ್ಕೊಂಡೆ.

ಗಾಡಿ ಹೋದ ಮೇಲೆ ಭಾವಂಗೆ ಫೋನ್ ಮಾಡಿ ಹೇಳ್ದೆ. ಎಷ್ಟೊತ್ತು ನಕ್ರು ಅಂದ್ರೆ ಕೊನೆಗೆ ನಾನೇ ಫೋನಿಟ್ಟೆ.